ಚುಕ್ಕಿ ನಕ್ಷೆಯ ಸ್ಕ್ರೀನ್‌ಶಾಟನ್ನು ಮಾತಿನಲ್ಲಿ ವಿವರಿಸುವುದು: ಬೋರ್ಡೋ ಮತ್ತು ಕೊಳೆರೋಗದ ಒಂದು ಉದಾಹರಣೆ

ಮಳೆಗಾಲ ಮುಗಿದು ಕೊನೆಕೊಯ್ಲು ಹತ್ತಿರ ಬಂದಾಗ ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಚಿತ್ರ ಓಡಾಡುತ್ತದೆ. ಅಡ್ಡಗೆರೆಯಲ್ಲಿ ಕೊಳೆರೋಗ ತಡೆಯಲೆಂದು ಎಕರೆಗೆ ಹೊಡೆದ ಬೋರ್ಡೋ ದ್ರಾವಣದ ಲೀಟರ್, ಲಂಬಗೆರೆಯಲ್ಲಿ ಕೊಳೆರೋಗಕ್ಕೆ ಹೋದ ಅಡಿಕೆಯ ಶೇಕಡಾ, ನಡುವೆ ಒಂದಷ್ಟು ನೀಲಿ ಚುಕ್ಕಿ. ಒಂದೊಂದು ಚುಕ್ಕಿಯೂ ಒಂದು ತೋಟ. ಇದೇ ಸ್ಕ್ಯಾಟರ್ ಪ್ಲಾಟ್, ಚುಕ್ಕಿ ನಕ್ಷೆ. ಯಾರೋ ಕಂಪ್ಯೂಟರಿನಲ್ಲಿ ಮಾಡಿದ್ದನ್ನು ಇನ್ಯಾರೋ ಸ್ಕ್ರೀನ್‌ಶಾಟ್ ತೆಗೆದು ಹಾಕಿರುತ್ತಾರೆ. ಮೂಲ ಅಂಕಿಪಟ್ಟಿ ನಮ್ಮ ಕೈಯಲ್ಲಿ ಇರುವುದಿಲ್ಲ.

ಇಂಥ ಚಿತ್ರವನ್ನು ಮಾತಿನಲ್ಲಿ ಹೇಳಬೇಕಾದ ಸಂದರ್ಭಗಳು ಹಲವು. ಸಂಘದ ವರದಿಯಲ್ಲಿ ಚಿತ್ರದ ಕೆಳಗೆ ನಾಲ್ಕು ಸಾಲು ಬೇಕಾಗುತ್ತದೆ. ಕಣ್ಣು ಕಾಣದವರು ಫೋನಿನ ಟಾಕ್‌ಬ್ಯಾಕ್‌ನಲ್ಲಿ ಕೇಳಿಸಿಕೊಳ್ಳಲು ಚಿತ್ರದ ವಿವರಣೆ ಬರೆಯಬೇಕಾಗುತ್ತದೆ. ಸಭೆಯಲ್ಲಿ ಹಿಂದೆ ಕೂತವರಿಗೆ ಓದಿ ಹೇಳಬೇಕಾಗುತ್ತದೆ. ಎಲ್ಲೇ ಆದರೂ ಅಪಾಯ ಒಂದೇ: ಚುಕ್ಕಿಗಳು ಎಡಗೆಳಗಿನಿಂದ ಬಲಮೇಲಕ್ಕೆ ಹತ್ತುವುದು ಕಂಡ ಕೂಡಲೇ "ಔಷಧಿ ಹೊಡೆದಷ್ಟೂ ಕೊಳೆ ಜಾಸ್ತಿ" ಎಂಬ ಮಾತು ಬಾಯಿಗೆ ಬರುತ್ತದೆ. ಆ ಮಾತು ಚಿತ್ರದಲ್ಲಿಲ್ಲ. ಅದನ್ನು ನಂಬಿ ಒಬ್ಬರು ಮುಂದಿನ ವರ್ಷ ಸಿಂಪಡಣೆ ಬಿಟ್ಟರೆ ಹೋಗುವುದು ವರ್ಷದ ಫಸಲು. ಹಾಗಾಗಿ ಹೇಳುವವರು ಒಂದೊಂದು ಪದಕ್ಕೂ ಹೊಣೆ ಹೊರಬೇಕು.

ಕೆಳಗಿನ ಕ್ರಮವನ್ನು ಒಂದೇ ಉದಾಹರಣೆ ಹಿಡಿದು ಕೊನೆಯವರೆಗೂ ಒಯ್ದಿದ್ದೇವೆ. ಇದರ ಅಂಕಿಗಳು ಅಭ್ಯಾಸಕ್ಕಾಗಿ ನಾವೇ ಜೋಡಿಸಿದವು, ಯಾವ ಊರಿನ ಸಮೀಕ್ಷೆಯದ್ದೂ ಅಲ್ಲ.

ಮೊದಲು ಚೌಕಟ್ಟು ಓದಿ, ಚುಕ್ಕಿ ಆಮೇಲೆ

ಚುಕ್ಕಿಗಳನ್ನು ನೋಡುವ ಮೊದಲು ಎರಡು ಗೆರೆಗಳ ಹೆಸರು, ಅಳತೆಯ ಘಟಕ, ಎಲ್ಲಿಂದ ಎಲ್ಲಿಗೆ ಎಂಬುದನ್ನು ಬರೆದಿಟ್ಟುಕೊಳ್ಳಿ. ನಮ್ಮ ಚಿತ್ರದಲ್ಲಿ ಅಡ್ಡಗೆರೆ 0ಯಿಂದ 1,000 ಲೀಟರ್, ಲಂಬಗೆರೆ 0ಯಿಂದ 40 ಶೇಕಡಾ. ಎರಡೂ ಸೊನ್ನೆಯಿಂದ ಶುರುವಾಗಿವೆ, ಅದು ಒಳ್ಳೆಯದು. ಸ್ಕ್ರೀನ್‌ಶಾಟಿನಲ್ಲಿ ಅಂಚು ಕತ್ತರಿಸಿ ಹೋಗುವುದು ಸಾಮಾನ್ಯ. ಕೆಳಗಿನ ಅಂಕಿಗಳು ಕಾಣದಿದ್ದರೆ "ಅಡ್ಡಗೆರೆಯ ಅಳತೆ ಚಿತ್ರದಲ್ಲಿ ಕಾಣುವುದಿಲ್ಲ" ಎಂದೇ ಬರೆಯಬೇಕು; ಊಹಿಸಿ ತುಂಬಬಾರದು. ಲಂಬಗೆರೆ ಸೊನ್ನೆಯ ಬದಲು 10ರಿಂದ ಶುರುವಾಗಿದ್ದರೆ ಸಣ್ಣ ಏರಿಕೆಯೂ ಘಾಟಿ ಹತ್ತಿದಂತೆ ಕಾಣುತ್ತದೆ, ಅದನ್ನೂ ಹೇಳಿಬಿಡಿ.

ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳುವುದು ವಾಸಿ: ಲಂಬಗೆರೆಯ "ಕೊಳೆ ಶೇಕಡಾ" ಎಂದರೆ ಏನು? ಉದುರಿದ ಕಾಯಿ ಎಣಿಸಿದ್ದೇ, ತೂಕ ಹಾಕಿದ್ದೇ, ಅಥವಾ ತೋಟದವರು ಕಣ್ಣಂದಾಜಿನಲ್ಲಿ "ಹತ್ತು ಪರ್ಸೆಂಟ್ ಹೋಗಿರಬಹುದು" ಎಂದದ್ದೇ? ಚಿತ್ರದಲ್ಲಿ ಬರೆದಿಲ್ಲ. ವಿವರಣೆಯಲ್ಲಿ "ಅಳೆದ ವಿಧಾನವನ್ನು ಚಿತ್ರದಲ್ಲಿ ಕೊಟ್ಟಿಲ್ಲ" ಎಂಬ ಐದಾರು ಪದ ಸಾಕು. ಅಡ್ಡಗೆರೆಗೂ ಹೀಗೆಯೇ. ಬೋರ್ಡೋ ಎಂದರೆ ಮಲೆನಾಡಿನಲ್ಲಿ ಶೇಕಡಾ 1ರ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. 200 ಲೀಟರಿನ ಡ್ರಮ್ಮಿಗೆ ಎರಡೆರಡು ಕಿಲೋ. ಆದರೆ ಚಿತ್ರ ಲೀಟರನ್ನು ಮಾತ್ರ ಹೇಳುತ್ತದೆ. ಯಾವಾಗ ಹೊಡೆದರು, ಮಳೆ ಹಿಡಿಯುವ ಮುಂಚೆಯೋ ಕೊಳೆ ಕಂಡ ಮೇಲೋ, ಎಂಬುದನ್ನು ಅದು ಹೇಳುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಇಡೀ ವಿಷಯ ಇದರ ಮೇಲೆಯೇ ನಿಲ್ಲುತ್ತದೆ.

ಚಿತ್ರದ ಮೇಲೆ ತಲೆಬರಹ ಇದ್ದರೆ ಅದನ್ನು ನಿಮ್ಮ ಮಾತಾಗಿ ಹೇಳಬೇಡಿ. "ಚಿತ್ರದ ತಲೆಬರಹ ಹೀಗಿದೆ" ಎಂದು ಉದ್ಧರಣ ಚಿಹ್ನೆಯೊಳಗೆ ಇಡಿ. ತಲೆಬರಹ ಮಾಡಿದವರ ತೀರ್ಮಾನ ಬೇರೆ, ಚುಕ್ಕಿಗಳು ತೋರಿಸುವುದು ಬೇರೆ ಎಂದು ಓದುವವರಿಗೆ ಅಲ್ಲೇ ತಿಳಿಯುತ್ತದೆ.

ಚುಕ್ಕಿ ಎಣಿಸಿ, ಅಂಕಿಗೆ ಇಳಿಸಿ

ಕಾಣುವ ಚುಕ್ಕಿಗಳನ್ನು ಎಣಿಸಿ. ನಮ್ಮಲ್ಲಿ 14. "14 ತೋಟ" ಎನ್ನುವ ಬದಲು "14 ಚುಕ್ಕಿಗಳು ಕಾಣುತ್ತವೆ" ಎನ್ನಿ, ಏಕೆಂದರೆ ಎರಡು ತೋಟಗಳ ಅಂಕಿ ಒಂದೇ ಆಗಿದ್ದರೆ ಒಂದರ ಮೇಲೊಂದು ಕೂತು ಒಂದೇ ಚುಕ್ಕಿಯಾಗಿ ಕಾಣುತ್ತದೆ. ಕೆಲವು ಚುಕ್ಕಿಗಳ ಬಣ್ಣ ಉಳಿದವಕ್ಕಿಂತ ಗಾಢವಾಗಿದ್ದರೆ ಅಲ್ಲಿ ಒಂದಕ್ಕಿಂತ ಹೆಚ್ಚು ಕೂತಿರುವ ಸಾಧ್ಯತೆ ಇದೆ.

ಚಿತ್ರವನ್ನು ಯಾವುದಾದರೂ ಚಿತ್ರ ತಿದ್ದುವ ಆ್ಯಪ್‌ನಲ್ಲಿ ತೆರೆದರೆ ಕರ್ಸರ್ ಇಟ್ಟಲ್ಲಿ ಪಿಕ್ಸೆಲ್ ಸಂಖ್ಯೆ ಸಿಗುತ್ತದೆ. ಪ್ರತಿ ಗೆರೆಯ ಮೇಲೆ ಗೊತ್ತಿರುವ ಎರಡು ಗುರುತು ಹಿಡಿದರೆ ಉಳಿದದ್ದು ತ್ರೈರಾಶಿ. ನಮ್ಮ ಚಿತ್ರದಲ್ಲಿ ಅಡ್ಡಗೆರೆಯ 0 ಲೀಟರ್ 96ನೇ ಪಿಕ್ಸೆಲಿನಲ್ಲಿ, 1,000 ಲೀಟರ್ 896ರಲ್ಲಿ ಇದೆ. ಒಂದು ಚುಕ್ಕಿ 816ರಲ್ಲಿ ಇದ್ದರೆ:

```
x = (816 - 96) * 1000 / (896 - 96) = 900
```

ಲಂಬಗೆರೆಯಲ್ಲಿ ಎಡವುವವರು ಬಹಳ. ಪಿಕ್ಸೆಲ್ ಎಣಿಕೆ ಚಿತ್ರದ ಮೇಲಂಚಿನಿಂದ ಕೆಳಕ್ಕೆ ಹೋಗುತ್ತದೆ, ಶೇಕಡಾ ಕೆಳಗಿನಿಂದ ಮೇಲಕ್ಕೆ. 0 ಶೇಕಡಾ 620ರಲ್ಲಿ, 40 ಶೇಕಡಾ 140ರಲ್ಲಿ ಇದ್ದರೆ ಕಳೆಯುವ ಕ್ರಮ ತಿರುಗುತ್ತದೆ:

```
y = (620 - 596) * 40 / (620 - 140) = 2
```

ತಿರುಗಿಸಲು ಮರೆತರೆ ಉತ್ತರ ಋಣಾತ್ಮಕವಾಗಿ ಬರುತ್ತದೆ. ಕೊಳೆ ಶೇಕಡಾ ಸೊನ್ನೆಗಿಂತ ಕಡಿಮೆ ಇರಲಾರದು, ಹಾಗಾಗಿ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ. ಚುಕ್ಕಿಗಳು ನೂರಾರು ಇದ್ದರೆ WebPlotDigitizer ಎಂಬ ತಂತ್ರಾಂಶ ಇದೇ ಕೆಲಸವನ್ನು ಮಾಡಿಕೊಡುತ್ತದೆ.

ಒಂದು ಚುಕ್ಕಿಯ ಅಗಲ ಸುಮಾರು 10 ಪಿಕ್ಸೆಲ್. ಅದರ ನಡು ಎಲ್ಲಿ ಎಂಬುದರಲ್ಲಿ 5 ಪಿಕ್ಸೆಲ್ ಆಚೀಚೆ ಆದರೂ ಅಡ್ಡಕ್ಕೆ 6 ಲೀಟರ್, ಲಂಬಕ್ಕೆ ಶೇಕಡಾ 0.4ರಷ್ಟು ವ್ಯತ್ಯಾಸ ಬರುತ್ತದೆ. ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿ ಕಳಿಸುವುದರಿಂದ ಅಂಚುಗಳು ಇನ್ನಷ್ಟು ಮಸುಕಾಗಿರುತ್ತವೆ. ಆದ್ದರಿಂದ "33.8" ಎಂದು ಬರೆಯಲು ನಮಗೆ ಹಕ್ಕಿಲ್ಲ, "ಸುಮಾರು 34" ಎಂದರೆ ಸರಿ. ಹೀಗೆ ಇಳಿಸಿದ 14 ಚುಕ್ಕಿಗಳು:

```
litre,kole
200,3
300,2
300,6
400,5
400,9
500,7
600,12
600,8
700,14
800,11
900,18
1000,15
900,2
200,34
```

ಮೋಡದ ಆಕಾರವನ್ನು ಹೇಳುವುದು

ಈ ಪಟ್ಟಿಯ ಮೊದಲ ಹನ್ನೆರಡು ಚುಕ್ಕಿಗಳು ಒಟ್ಟಿಗೆ ಒಂದು ಓರೆಯಾದ ಮೋಡವಾಗಿ ಕೂತಿವೆ. ಅದರ ಬಗ್ಗೆ ಮೂರು ವಿಷಯ ಹೇಳಬೇಕು: ಯಾವ ಕಡೆಗೆ ವಾಲಿದೆ, ಎಷ್ಟು ಬಿಗಿಯಾಗಿದೆ, ನೇರವಾಗಿದೆಯೋ ಬಾಗಿದೆಯೋ. ನಮ್ಮದು ಎಡಗೆಳಗಿನಿಂದ ಬಲಮೇಲಕ್ಕೆ ಹತ್ತುತ್ತದೆ. 200–300 ಲೀಟರಿನ ಸುತ್ತ ಕೊಳೆ ಶೇಕಡಾ 2ರಿಂದ 6, 900–1,000 ಲೀಟರಿನ ಸುತ್ತ 15ರಿಂದ 18. ಅಷ್ಟೇ ಲೀಟರ್ ಹೊಡೆದ ತೋಟಗಳ ನಡುವೆ ಮೇಲೆ ಕೆಳಗೆ ಸುಮಾರು 4 ಶೇಕಡಾ ಅಂಶದ ವ್ಯತ್ಯಾಸವಿದೆ: 400 ಲೀಟರಿನಲ್ಲಿ ಒಂದು 5, ಇನ್ನೊಂದು 9, 600ರಲ್ಲಿ ಒಂದು 8, ಇನ್ನೊಂದು 12. ಇಡೀ ಮೋಡ ಹತ್ತುವ ಎತ್ತರ 12ರಿಂದ 15 ಅಂಶ ಇರುವಾಗ ಅಗಲ 4 ಅಂಶ ಎಂದರೆ ಮೋಡ ಸಾಕಷ್ಟು ಬಿಗಿ. ಬಾಗು ಎದ್ದು ಕಾಣುವುದಿಲ್ಲ.

"ಬಲವಾದ ಸಹಸಂಬಂಧ" ಎಂದು ಒಂದೇ ಪದದಲ್ಲಿ ಮುಗಿಸುವುದಕ್ಕಿಂತ ಹೀಗೆ ಎರಡು ತುದಿಯ ಅಂಕಿ ಮತ್ತು ನಡುವಿನ ಅಗಲ ಹೇಳಿದರೆ ಚಿತ್ರ ಕಾಣದವರಿಗೂ ಮನಸ್ಸಿನಲ್ಲಿ ಆಕಾರ ಮೂಡುತ್ತದೆ. ಅಂಕಿ ಬೇಕೇ ಬೇಕು ಎನ್ನುವವರು ಸ್ಪ್ರೆಡ್‌ಶೀಟಿನಲ್ಲಿ `=CORREL(A2:A13,B2:B13)` ಹಾಕಿ ನೋಡಬಹುದು. ಈ ಹನ್ನೆರಡಕ್ಕೆ 0.90 ಬರುತ್ತದೆ. ಈ ಸಂಖ್ಯೆ −1ರಿಂದ 1ರವರೆಗೆ ಇರುತ್ತದೆ, ಚುಕ್ಕಿಗಳು ಒಂದು ನೇರ ಗೆರೆಗೆ ಎಷ್ಟು ಹತ್ತಿರ ಎಂಬುದನ್ನಷ್ಟೇ ಹೇಳುತ್ತದೆ. 0.90 ಎಂದರೆ ಕೊಳೆಯ 90 ಪಾಲಿಗೆ ಔಷಧಿ ಕಾರಣ ಎಂದಲ್ಲ; ಹಾಗೆ ಓದುವವರೂ ಇದ್ದಾರೆ.

ಮೋಡ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ಹೇಳಿ. 200 ಲೀಟರಿಗಿಂತ ಕಡಿಮೆ ಹೊಡೆದ ಒಂದು ತೋಟವೂ ಇಲ್ಲಿಲ್ಲ. ಅಡ್ಡಗೆರೆ ಸೊನ್ನೆಯಿಂದ ಶುರುವಾದರೂ ಸೊನ್ನೆಯ ಮೇಲೆ ಚುಕ್ಕಿ ಇಲ್ಲ. "ಹೊಡೆಯದೇ ಬಿಟ್ಟರೆ ಏನಾಗುತ್ತದೆ" ಎಂಬ ಪ್ರಶ್ನೆಗೆ ಬೇಕಾದ ತೋಟವೇ ಚಿತ್ರದಲ್ಲಿಲ್ಲ ಎಂದಾಯಿತು. ಇದೊಂದು ಸಾಲು ವಿವರಣೆಯಲ್ಲಿ ಇದ್ದರೆ ಅರ್ಧ ವಾದ ಅಲ್ಲೇ ತಣ್ಣಗಾಗುತ್ತದೆ.

ಹೊರಗೆ ಬಿದ್ದ ಎರಡು ಚುಕ್ಕಿ

ಉಳಿದ ಎರಡು ಮೋಡದಿಂದ ದೂರ ನಿಂತಿವೆ. ಇವೇ ಔಟ್‌ಲೈಯರ್‌ಗಳು. ಎರಡೂ ದೂರವೇ ಆದರೂ ದೂರವಾದ ಬಗೆ ಬೇರೆ ಬೇರೆ, ಅದನ್ನು ಬಿಡಿಸಿ ಹೇಳಬೇಕು.

ಒಂದು, ಎಡಮೇಲೆ ಒಂಟಿಯಾಗಿ ಇರುವುದು: 200 ಲೀಟರ್, ಕೊಳೆ ಶೇಕಡಾ 34. ಇದು ಕೊಳೆಯ ಅಂಕಿಯಲ್ಲೇ ವಿಪರೀತ. ಅದರ ನಂತರದ ಅತಿ ಹೆಚ್ಚಿನದು 18. ಕಣ್ಣಿನ ಮಾತು ಸಾಲದು ಎನ್ನುವವರಿಗೆ ಒಂದು ಹಳೆಯ ಅಳತೆ ಇದೆ. ಕೊಳೆಯ 14 ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ ಎರಡು ಭಾಗ ಮಾಡಿ. ಕೆಳಭಾಗದ ನಡುವಿನ ಅಂಕಿ 5, ಮೇಲ್ಭಾಗದ್ದು 14. ಅಂತರ 9. ಅದರ ಒಂದೂವರೆ ಪಟ್ಟು, ಅಂದರೆ 13.5ನ್ನು 14ಕ್ಕೆ ಕೂಡಿಸಿದರೆ 27.5. ಅದಕ್ಕಿಂತ ಮೇಲೆ ಇರುವುದು ಹೊರಗಿನದು. 34 ಸ್ಪಷ್ಟವಾಗಿ ಹೊರಗೆ.

ಇನ್ನೊಂದು ಬಲಗೆಳಗೆ: 900 ಲೀಟರ್, ಕೊಳೆ ಶೇಕಡಾ 2. ಇದನ್ನು ಆ ಅಳತೆ ಹಿಡಿಯುವುದಿಲ್ಲ. 900 ಲೀಟರ್ ಹೊಡೆದ ತೋಟ ಇನ್ನೊಂದಿದೆ, ಕೊಳೆ 2 ಇರುವ ತೋಟವೂ ಇನ್ನೊಂದಿದೆ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಮಾಮೂಲಿ ಅಂಕಿ. ವಿಚಿತ್ರವಾಗಿರುವುದು ಅವೆರಡೂ ಒಂದೇ ತೋಟದಲ್ಲಿ ಕೂಡಿರುವುದು. ಚುಕ್ಕಿ ನಕ್ಷೆ ಬಿಟ್ಟು ಬರೀ ಪಟ್ಟಿ ನೋಡಿದವರಿಗೆ ಇದು ಕಾಣಿಸುವುದೇ ಇಲ್ಲ. ಹಾಗಾಗಿ ಇದನ್ನು "ಅತಿ ಕಡಿಮೆ ಅಂಕಿ" ಎನ್ನಬಾರದು. "ಅಷ್ಟೇ ಲೀಟರ್ ಹೊಡೆದ ಇನ್ನೊಂದು ತೋಟದಲ್ಲಿ 18 ಇರುವಾಗ ಇಲ್ಲಿ 2" ಎಂದು ನೆರೆಯ ಚುಕ್ಕಿಗೆ ಹೋಲಿಸಿ ಹೇಳಬೇಕು.

ಇವೆರಡರ ತೂಕ ಎಷ್ಟು ಎಂದು ನೋಡಿ. ಹನ್ನೆರಡು ಚುಕ್ಕಿಗೆ 0.90 ಇದ್ದ ಸಹಸಂಬಂಧ, ಬಲಗೆಳಗಿನ ಒಂದನ್ನು ಸೇರಿಸಿದರೆ 0.64ಕ್ಕೆ ಇಳಿಯುತ್ತದೆ. ಅದರ ಬದಲು ಎಡಮೇಲಿನ ಒಂದನ್ನು ಸೇರಿಸಿದರೆ 0.16. ಎರಡೂ ಸೇರಿದರೆ 0.04, ಅಂದರೆ ಸಂಬಂಧವೇ ಇಲ್ಲ ಎಂಬಷ್ಟು. ಫ್ರಾನ್ಸಿಸ್ ಆ್ಯನ್‌ಸ್ಕೂಂಬ್ ಎಂಬ ಸಂಖ್ಯಾಶಾಸ್ತ್ರಜ್ಞ 1973ರಲ್ಲಿ ತೋರಿಸಿದ್ದೂ ಇದೇ ಬಗೆಯದು: ಒಂದಕ್ಕೊಂದು ಹೋಲದ ನಾಲ್ಕು ಚುಕ್ಕಿ ನಕ್ಷೆಗಳು, ನಾಲ್ಕಕ್ಕೂ ಸಹಸಂಬಂಧ ಮಾತ್ರ ಒಂದೇ, 0.82ರ ಹತ್ತಿರ. ಹಾಗಾಗಿ ಒಂದು ಸಂಖ್ಯೆ ಕೊಡುವುದಾದರೆ ಎರಡೂ ಕೊಡಿ, ಯಾವ ಚುಕ್ಕಿ ಸೇರಿಸಿ, ಯಾವುದನ್ನು ಬಿಟ್ಟು ಎಂದು ಹೇಳಿ ಕೊಡಿ. ಬಿಟ್ಟದ್ದನ್ನು ಮುಚ್ಚಿಟ್ಟು 0.90 ಮಾತ್ರ ಹೇಳುವುದು ಅಪ್ರಾಮಾಣಿಕ. ಏನೂ ಹೇಳದೆ 0.04 ಮಾತ್ರ ಹೇಳಿದರೂ ಓದುವವರ ದಾರಿ ತಪ್ಪುತ್ತದೆ.

ಸ್ಕ್ರೀನ್‌ಶಾಟಿನಲ್ಲಿ ಈ ತೊಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ. ಚುಕ್ಕಿಗಳ ಒಟ್ಟು ವಾಲು ತೋರಿಸಲು ಆ್ಯಪ್ ತಾನಾಗಿ ಎಳೆದ ಗೆರೆ, ಅಂದರೆ ಟ್ರೆಂಡ್ ಲೈನ್, 14 ಚುಕ್ಕಿಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ನಮ್ಮ ಚಿತ್ರದಲ್ಲಿ ಆ ಗೆರೆ 200 ಲೀಟರಿನಲ್ಲಿ ಶೇಕಡಾ 10ರ ಮೇಲೆ, 1,000 ಲೀಟರಿನಲ್ಲಿ 11ರ ಮೇಲೆ ಹಾದುಹೋಗುತ್ತದೆ. ಹೆಚ್ಚುಕಡಿಮೆ ಮಟ್ಟಸ. ಕಣ್ಣಿಗೆ ಮಾತ್ರ ಮೋಡ ಏರುತ್ತಿದೆ. ಗುಂಪಿನಲ್ಲಿ ಒಬ್ಬರು ಮೋಡ ನೋಡಿ "ಹೊಡೆದಷ್ಟೂ ಕೊಳೆ" ಎನ್ನುತ್ತಾರೆ, ಇನ್ನೊಬ್ಬರು ಗೆರೆ ನೋಡಿ "ಹೊಡೆದರೂ ಅಷ್ಟೇ, ಬಿಟ್ಟರೂ ಅಷ್ಟೇ" ಎನ್ನುತ್ತಾರೆ. ವಿವರಣೆ ಬರೆಯುವವರು ಎರಡನ್ನೂ ಹೇಳಬೇಕು: ಗೆರೆ ಮಟ್ಟಸವಾಗಿದೆ, ಹನ್ನೆರಡು ಚುಕ್ಕಿಗಳು ಆ ಗೆರೆಯನ್ನು ಅನುಸರಿಸದೆ ಏರುತ್ತವೆ, ಎರಡು ದೂರದ ಚುಕ್ಕಿಗಳನ್ನು ಲೆಕ್ಕಕ್ಕೆ ಸೇರಿಸಿದ್ದರಿಂದ ಗೆರೆ ಮಟ್ಟಸವಾಗಿದೆ. ಈ ಕೊನೆಯ "ಇಂದ" ಸಲ್ಲುತ್ತದೆ. ಅದು ಲೆಕ್ಕದೊಳಗಿನ ಕಾರಣ, ಚುಕ್ಕಿ ತೆಗೆದು ಮತ್ತೆ ಲೆಕ್ಕ ಹಾಕಿದರೆ ಯಾರು ಬೇಕಾದರೂ ಪರೀಕ್ಷಿಸಬಹುದು.

ಹೊರಗಿನ ಚುಕ್ಕಿ ಹೇಗೆ ಬಂತು ಎಂಬುದನ್ನು ಚಿತ್ರ ನೋಡಿ ತೀರ್ಮಾನಿಸಲು ಆಗುವುದಿಲ್ಲ. ಆದರೆ ಏನು ಕೇಳಬೇಕು ಎಂಬುದು ಹೊಳೆಯುತ್ತದೆ. 34ನ್ನೇ ನೋಡಿ: 200 ಲೀಟರಿನ ಇನ್ನೊಂದು ತೋಟದಲ್ಲಿ ಕೊಳೆ 3. 3.4 ಎಂದು ಬರೆಯುವಾಗ ದಶಮಾಂಶ ಬಿಂದು ಬಿಟ್ಟುಹೋಗಿ 34 ಆಗಿದ್ದರೆ ಈ ತೋಟ ಸರಿಯಾಗಿ ಮೋಡದೊಳಗೆ ಬಂದು ಕೂರುತ್ತದೆ. ಅನುಮಾನಕ್ಕೆ ಇದು ಒಳ್ಳೆಯ ಆಧಾರ, ತಿದ್ದುವುದಕ್ಕೆ ಅಲ್ಲ. ನಿಜವಾಗಿಯೂ ಅಷ್ಟು ಹೋಗಿರಬಹುದು. ಮೊದಲ ಸುತ್ತು ಮುಗಿಸಿದ ಮೇಲೆ ಮಳೆ ಬಿಡದೆ ಹಿಡಿದು ಎರಡನೆಯದಕ್ಕೆ ಕೊನೆಗೌಡರು ಮರ ಹತ್ತಲಾಗದೆ ಉಳಿದ ತೋಟವೂ ಆಗಿರಬಹುದು. 900 ಲೀಟರಿನ ತೋಟದಲ್ಲಿ ಮಳೆ ತಾಗದಂತೆ ಗೊನೆಗಳಿಗೆ ಕೊಟ್ಟೆ ಕಟ್ಟಿರಬಹುದು, ಅಥವಾ ಲೀಟರ್ ಅಂಕಿ ಇಡೀ ತೋಟದ್ದಾಗಿದ್ದು ಎಕರೆಗೆ ಭಾಗಿಸಲು ಮರೆತಿರಬಹುದು. ಇವೆಲ್ಲ ಪಟ್ಟಿ ಮಾಡಿದವರನ್ನು ಕೇಳಿ ತಿಳಿಯಬೇಕಾದ ವಿಷಯ. ವಿವರಣೆಯಲ್ಲಿ "ಈ ಎರಡು ಚುಕ್ಕಿಗಳ ಅಂಕಿಯನ್ನು ಮೂಲದಲ್ಲಿ ಪರಿಶೀಲಿಸಬೇಕು" ಎಂದರೆ ಸಾಕು.

ಕ್ರಿಯಾಪದದಲ್ಲಿ ಅಡಗಿ ಕೂರುವ ಕಾರಣ

"ಕಾರಣ", "ಪರಿಣಾಮ", "ಆದ್ದರಿಂದ" ಎಂಬ ಪದಗಳನ್ನು ಬಿಟ್ಟರೆ ಆಯಿತು ಎಂದು ಹಲವರು ತಿಳಿಯುತ್ತಾರೆ. ಕನ್ನಡದಲ್ಲಿ ಕಾರಣ ಪ್ರತ್ಯಯದೊಳಗೇ ನುಸುಳುತ್ತದೆ.

"ಹೊಡೆದಷ್ಟೂ ಕೊಳೆ ಹೆಚ್ಚುತ್ತದೆ" ಎಂಬ ಮಾತಿನಲ್ಲಿ ಕಾರಣ ಎಂಬ ಪದವಿಲ್ಲ. ಆದರೂ "‑ಅಷ್ಟೂ" ಕೇಳಿದವರ ಮನಸ್ಸಿನಲ್ಲಿ ಒಂದೇ ತೋಟ ಮೂಡುತ್ತದೆ: ಅಲ್ಲಿ ಒಂದು ಡ್ರಮ್ ಹೊಡೆದರು, ಕೊಳೆ ಬಂತು, ಇನ್ನೊಂದು ಹೊಡೆದರು, ಇನ್ನಷ್ಟು ಬಂತು. ಚಿತ್ರದಲ್ಲಿ ಇರುವುದು ಒಂದೇ ತೋಟದ ಕಥೆ ಅಲ್ಲ, ಹದಿನಾಲ್ಕು ಬೇರೆ ಬೇರೆ ತೋಟಗಳು. "ಹೊಡೆದರೆ" ಎಂದರೂ ಅದೇ, ಮುಂದೆ ಮಾಡುವ ಕೆಲಸಕ್ಕೆ ಫಲ ಹೇಳಿದಂತೆ ಆಗುತ್ತದೆ. "ಹೊಡೆದೂ ಕೊಳೆ ಬಂದಿದೆ" ಎಂಬಲ್ಲಿನ "ಊ" ಉಲ್ಟಾ ದಿಕ್ಕಿನ ನಂಬಿಕೆಯನ್ನು ಒಳಗೆ ತರುತ್ತದೆ, ಔಷಧಿ ಕೊಳೆಯನ್ನು ತಡೆಯಬೇಕಿತ್ತು ಎಂದು. ಆ ನಂಬಿಕೆ ಸರಿಯೇ ಇರಬಹುದು, ಆದರೂ ಈ ಚಿತ್ರ ಅದನ್ನು ಹೇಳಿಲ್ಲ.

ಇವುಗಳ ಬದಲು ಹೋಲಿಕೆಯ ವಾಕ್ಯ ಕಟ್ಟಿ. ಕರ್ತೃ ಸ್ಥಾನದಲ್ಲಿ ಔಷಧಿಯನ್ನು ಇಡದೆ ತೋಟಗಳನ್ನು ಇಡಿ. "ಹೆಚ್ಚು ಲೀಟರ್ ದಾಖಲಾದ ತೋಟಗಳಲ್ಲಿ ಕೊಳೆಯ ಶೇಕಡಾವೂ ಹೆಚ್ಚಾಗಿ ದಾಖಲಾಗಿದೆ." ಇಲ್ಲಿ ಯಾರೂ ಯಾರಿಗೂ ಏನೂ ಮಾಡುತ್ತಿಲ್ಲ. ಎಷ್ಟು ಎಂದು ಹೇಳಬೇಕಾದರೂ ಇದೇ ಅಚ್ಚು. ಹನ್ನೆರಡು ಚುಕ್ಕಿಗಳ ಮೂಲಕ ಗೆರೆ ಎಳೆದರೆ 100 ಲೀಟರಿಗೆ ಸುಮಾರು 1.8 ಅಂಶದ ಓರೆ ಬರುತ್ತದೆ. ಅದನ್ನು "100 ಲೀಟರ್ ಹೆಚ್ಚಿಸಿದರೆ ಕೊಳೆ 1.8 ಏರುತ್ತದೆ" ಎನ್ನಬೇಡಿ. "100 ಲೀಟರ್ ವ್ಯತ್ಯಾಸವಿರುವ ಎರಡು ತೋಟಗಳ ನಡುವೆ ಕೊಳೆಯಲ್ಲಿ ಸರಾಸರಿ 1.8 ಅಂಶದ ವ್ಯತ್ಯಾಸ ಕಾಣುತ್ತದೆ" ಎನ್ನಿ.

ಹೊರಗಿನ ಚುಕ್ಕಿಗಳ ವಿಷಯದಲ್ಲಿ ಬಲೆ ಇನ್ನೂ ನಯ. ಬೋರ್ಡೋ ಮೇಲೆ ಭರವಸೆ ಇರುವವರಿಗೆ ಆ ಎರಡು ಚುಕ್ಕಿಗಳು ಬಹಳ ಇಷ್ಟವಾಗುತ್ತವೆ: "ನೋಡಿ, ಚೆನ್ನಾಗಿ ಹೊಡೆದವರಿಗೆ ಎರಡೇ ಪರ್ಸೆಂಟ್, ಕಡಿಮೆ ಹೊಡೆದವರಿಗೆ ಮೂವತ್ನಾಲ್ಕು." ಮೋಡ ಹಿಡಿದವರದ್ದು ಹೇಗೋ ಇದೂ ಹಾಗೇ. ಒಂದೇ ಚಿತ್ರದಿಂದ ಎರಡು ವಿರುದ್ಧ ಕಾರಣಗಳು ಹೊರಡುತ್ತಿವೆ ಎಂದರೆ ಕಾರಣ ಹೇಳುವ ಶಕ್ತಿ ಆ ಚಿತ್ರಕ್ಕಿಲ್ಲ.

ಬೇರೆ ದಾರಿಗಳನ್ನು ಎಷ್ಟು ಹೇಳಬೇಕು

ಕಾರಣ ಹೇಳಬಾರದು ಎಂದು ಬರೀ "ಸಹಸಂಬಂಧ ಕಾರಣವಲ್ಲ" ಎಂಬ ಒಣಮಾತು ಬರೆದರೆ ತೋಟದವರಿಗೆ ಏನೂ ತಿಳಿಯುವುದಿಲ್ಲ. ಇದೇ ಮೋಡ ಬೇರೆ ಹೇಗೆ ಮೂಡಬಹುದು ಎಂದು ಒಂದೆರಡು ದಾರಿ ತೋರಿಸಿದರೆ ಮಾತು ನಾಟುತ್ತದೆ.

ಮೊದಲನೆಯದು ಮಳೆ. ಕೊಳೆರೋಗವನ್ನು ತರುವುದು ಫೈಟಾಫ್ತೊರ ಎಂಬ ಶಿಲೀಂಧ್ರದಂಥ ಜೀವಿ, ಎಡೆಬಿಡದ ಮಳೆಯಲ್ಲಿ ಒದ್ದೆಯಾಗಿಯೇ ಉಳಿದ ಗೊನೆಗಳಲ್ಲಿ ಅದು ಹಬ್ಬುತ್ತದೆ. ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ತೀರ್ಥಹಳ್ಳಿ, ಹೊಸನಗರದ ಘಟ್ಟದಂಚಿನ ತೋಟಗಳು ಬಲಮೇಲೆ, ಭದ್ರಾವತಿ ಬಯಲಿನ ತೋಟಗಳು ಎಡಗೆಳಗೆ ಇದ್ದರೆ, ಮಳೆ ಹೆಚ್ಚಿದಲ್ಲಿ ಕೊಳೆಯೂ ಹೆಚ್ಚು, ಹೊಡೆಯುವುದೂ ಹೆಚ್ಚು. ಔಷಧಿ ಕೊಳೆಯನ್ನು ತಗ್ಗಿಸುತ್ತಿದ್ದರೂ ಮೋಡ ಹೀಗೆಯೇ ಏರಬಹುದು, ಹೊಡೆಯದಿದ್ದರೆ ಆ ತೋಟದಲ್ಲಿ ಎಷ್ಟು ಹೋಗುತ್ತಿತ್ತು ಎಂಬ ಅಂಕಿ ಚಿತ್ರದಲ್ಲಿ ಇಲ್ಲವಲ್ಲ.

ಎರಡನೆಯದು ಹಿಂದುಮುಂದು. ಮುಂಗಾರು ಹಿಡಿಯುವ ಹೊತ್ತಿಗೆ ಒಂದು ಸುತ್ತು, 40–45 ದಿನ ಬಿಟ್ಟು ಇನ್ನೊಂದು ಎಂಬುದು ವಾಡಿಕೆ. ಕೊಳೆ ಕಂಡ ತೋಟದವರು ಮೂರನೆಯದನ್ನೂ ಹೊಡೆಯುತ್ತಾರೆ. ಆಗ ಮೊದಲು ಬಂದದ್ದು ಕೊಳೆ, ಆಮೇಲೆ ಏರಿದ್ದು ಲೀಟರ್. ತಾರೀಖು ಇಲ್ಲದ ಚಿತ್ರ ಇದನ್ನು ಬಿಡಿಸಿ ತೋರಿಸಲಾರದು.

ಈ ಎರಡನ್ನೂ "ಆಗಿರಬಹುದು" ಎಂದೇ ಬರೆಯಿರಿ. "ನಿಜವಾದ ಕಾರಣ ಮಳೆ" ಎಂದು ಬರೆದರೆ ಒಂದು ಆಧಾರವಿಲ್ಲದ ಕಾರಣ ತೆಗೆದು ಇನ್ನೊಂದನ್ನು ಕೂರಿಸಿದಂತೆ. ಮಳೆಯ ಅಂಕಿ ಈ ಚಿತ್ರದಲ್ಲಿ ಇಲ್ಲವೇ ಇಲ್ಲ. ಹತ್ತು ದಾರಿಗಳನ್ನು ಪೇರಿಸುವುದೂ ಬೇಡ. ಓದುವವರು ಚಿತ್ರವನ್ನೇ ಮರೆತುಬಿಡುತ್ತಾರೆ.

ಬರೆದು ಮುಗಿಸಿದ ವಿವರಣೆ

ಫೋನಿನಲ್ಲಿ ಕೇಳಿಸಿಕೊಳ್ಳುವವರಿಗೆ ಮೊದಲ ವಾಕ್ಯದಲ್ಲೇ ಚಿತ್ರ ಯಾವುದು, ಆಕಾರ ಏನು ಎಂಬುದು ಸಿಗಬೇಕು. ವಿವರ ಆಮೇಲೆ. ನಮ್ಮ ಚಿತ್ರಕ್ಕೆ ಹೀಗೆ ಬರೆಯಬಹುದು:

"ಚುಕ್ಕಿ ನಕ್ಷೆಯ ಸ್ಕ್ರೀನ್‌ಶಾಟ್. 14 ಚುಕ್ಕಿಗಳಲ್ಲಿ 12 ಎಡಗೆಳಗಿನಿಂದ ಬಲಮೇಲಕ್ಕೆ ಏರುತ್ತವೆ, 2 ಅವುಗಳಿಂದ ದೂರ ಇವೆ. ಅಡ್ಡಗೆರೆ: ಎಕರೆಗೆ ಬೋರ್ಡೋ ದ್ರಾವಣ, 0–1,000 ಲೀಟರ್. ಲಂಬಗೆರೆ: ಕೊಳೆರೋಗದ ಶೇಕಡಾ, 0–40, ಅಳೆದ ವಿಧಾನ ಕೊಟ್ಟಿಲ್ಲ. ಏರುವ 12 ಚುಕ್ಕಿಗಳಲ್ಲಿ, 200–300 ಲೀಟರ್ ದಾಖಲಾದ ತೋಟಗಳಲ್ಲಿ ಕೊಳೆ ಸುಮಾರು 2ರಿಂದ 6, 900–1,000 ಲೀಟರ್ ದಾಖಲಾದವುಗಳಲ್ಲಿ 15ರಿಂದ 18. ದೂರದ ಚುಕ್ಕಿಗಳು: 200 ಲೀಟರಿನಲ್ಲಿ ಸುಮಾರು 34, 900 ಲೀಟರಿನಲ್ಲಿ ಸುಮಾರು 2. ಚಿತ್ರದಲ್ಲಿ ಎಳೆದ ಗೆರೆ ಈ ಎರಡನ್ನೂ ಸೇರಿಸಿಕೊಂಡಿದ್ದು ಬಹುತೇಕ ಮಟ್ಟಸವಾಗಿದೆ. 200 ಲೀಟರಿಗಿಂತ ಕಡಿಮೆ ಹೊಡೆದ ತೋಟ ಚಿತ್ರದಲ್ಲಿಲ್ಲ. ಮಳೆಯ ಪ್ರಮಾಣ, ಸಿಂಪಡಣೆಯ ದಿನಾಂಕ ಕೊಟ್ಟಿಲ್ಲ. ಔಷಧಿಯಿಂದ ಕೊಳೆ ಹೆಚ್ಚಿತೋ ತಗ್ಗಿತೋ ಎಂಬುದನ್ನು ಈ ಚಿತ್ರದಿಂದ ಹೇಳಲಾಗದು."

ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ಚಿತ್ರ ನೋಡದ ಒಬ್ಬರಿಗೆ ಇದನ್ನು ಓದಿ ಹೇಳಿ, ಹಾಳೆಯ ಮೇಲೆ ಚುಕ್ಕಿ ಹಾಕಲು ಹೇಳಿ. ಮೋಡ ಸರಿಯಾದ ದಿಕ್ಕಿಗೆ ವಾಲಿ, ಎರಡು ಚುಕ್ಕಿಗಳು ಸರಿಯಾದ ಮೂಲೆಗಳಲ್ಲಿ ಬಿದ್ದರೆ ಆಕಾರ ತಲುಪಿದೆ. ಆಮೇಲೆ ಕೇಳಿ, "ಇದರ ಪ್ರಕಾರ ಹೊಡೆಯುವುದು ಒಳ್ಳೆಯದೋ ಕೆಟ್ಟದ್ದೋ?" ಅವರು "ಅದು ಇದರಲ್ಲಿ ಗೊತ್ತಾಗಲ್ಲ" ಎಂದರೆ ನಿಮ್ಮ ಪದಗಳು ಸರಿ. "ಕೆಟ್ಟದ್ದು" ಎಂದರೆ ಎಲ್ಲೋ ಒಂದು "‑ಅಷ್ಟೂ" ಉಳಿದುಕೊಂಡಿದೆ, ಹುಡುಕಿ ತೆಗೆಯಿರಿ.

ಗುಂಪಿನಲ್ಲಿ ಇದನ್ನು ಹಾಕಿದ ಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಅದೆಲ್ಲ ಇರ್ಲಿ ಮಾರಾಯ್ರೆ, ಕೊನೆಗೆ ಹೊಡೀಬೇಕಾ ಬೇಡ್ವಾ?" ನ್ಯಾಯವಾದ ಪ್ರಶ್ನೆ, ಉತ್ತರ ಮಾತ್ರ ಈ ಚಿತ್ರದ ಹೊರಗಿನದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ ಬೋರ್ಡೋ ಸಿಂಪಡಣೆಯನ್ನು ಮಲೆನಾಡಿಗೆ ಪರಿಚಯಿಸಿದ ಕಾಲದಿಂದಲೂ ಅದು ಇಲ್ಲಿನ ರೂಢಿಯಲ್ಲಿದೆ. ಅದರ ಫಲ ಅಳೆಯಬೇಕಾದರೆ ಒಂದೇ ತೋಟದ, ಒಂದೇ ಮಳೆ ಬೀಳುವ ಮರಗಳಲ್ಲಿ ಚೀಟಿ ಎತ್ತಿ ಕೆಲವಕ್ಕೆ ಹೊಡೆದು, ಕೆಲವಕ್ಕೆ ಬಿಟ್ಟು, ಎರಡೂ ಕಡೆ ಉದುರಿದ ಕಾಯಿ ಎಣಿಸಬೇಕು. ಹಾಗಾಗಿ ಪ್ರಶ್ನೆ ಕೇಳಿದವರಿಗೆ, "ಈ ಚಿತ್ರ ನೋಡಿ ಈಗ ಮಾಡುತ್ತಿರುವ ಸಿಂಪಡಣೆಯನ್ನು ಬದಲಿಸಬೇಡಿ" ಎಂದು ಉತ್ತರಿಸಿ. ಚಿತ್ರ ಹಾಕಿದವರಿಗೆ ಬೇರೆ ಬರೆಯಿರಿ: ಮೂಲ ಪಟ್ಟಿ ಇದ್ದರೆ ಪ್ರತಿ ತೋಟಕ್ಕೂ ಹೋಬಳಿಯ ಮಳೆ, ಪ್ರತಿ ಸುತ್ತು ಹೊಡೆದ ತಾರೀಖು, ಕೊಳೆ ಮೊದಲು ಕಂಡ ತಾರೀಖು ಸೇರಿಸಿ ಕಳಿಸಿ, ಮತ್ತು 34 ಹಾಗೂ 900 ಎಂಬ ಎರಡು ಅಂಕಿಗಳನ್ನು ಆಯಾ ತೋಟದವರ ಹತ್ತಿರ ಇನ್ನೊಮ್ಮೆ ಕೇಳಿ ನೋಡಿ.